ಗೊಣಗು

ಮಂಗಳೂರಿನ ಬಸ್‌ಸ್ಟಾಪಿನಲ್ಲಿ ಅಪರಿಚಿತರ ಮಾತು ಶುರುವಾಗುವುದೇ ‘ಎಂಥ ಸೆಕೆ ಮಾರಾಯ್ರೇ!’ ಎಂದು. ‘ಹೋದ ವರ್ಷ ಇಷ್ಟಿರಲಿಲ್ಲ’ ಎಂಬ ಉತ್ತರವೂ ಸಿದ್ಧ. ಹೋದ ವರ್ಷವೂ ಅದನ್ನೇ ಹೇಳಿದ್ದರೆನ್ನಿ.

ಇದು ಗೊಣಗಾಟ. ಬಾಯಿ ಪೂರ್ತಿ ತೆರೆಯದೆ ಹೊರಡುವ ‘ಗೊಣಗೊಣ’ ಸದ್ದಿನ ಅನುಕರಣೆಯೇ ‘ಗೊಣಗು’. ಪಿಸುಗುಟ್ಟು, ವಟಗುಟ್ಟುಗಳ ಹಾಗೆ ‘ಗೊಣಗುಟ್ಟು’ ಎಂದೂ ಆಗುತ್ತದೆ. ತೆಲುಗಿನಲ್ಲಿ ಗೊಣುಗು, ತಮಿಳಿನಲ್ಲಿ ಮುಣುಮುಣು. ಜರ್ಮನ್ನರು ಗೊಣಗಿದರೆ ‘ಮೆಕರ್ನ್’, ಆಡು ಅರಚುವುದಕ್ಕೂ ಅಲ್ಲಿ ಅದೇ ಪದ. ಫ್ರೆಂಚರ ‘ರಾಲೆ’ಗಂತೂ ಸಾಯುವವರ ಗಂಟಲಿನ ಗೊರಗೊರ ಎಂಬ ಅರ್ಥವೂ ಇದೆ!

ದೂರಿಗೆ ವಿಳಾಸ ಬೇಕು. ಠಾಣೆಗೋ ಕಚೇರಿಗೋ ಕೊಡಬೇಕು. ಗೊಣಗಾಟಕ್ಕೆ ಅದು ಬೇಡ. ‘ಟೊಮೆಟೊಗೆ ಇಷ್ಟೊಂದು ರೇಟಾ? ತಿನ್ನೋದಾ ಬಿಡೋದಾ?’ ಎಂದವರು ಒಂದು ಕಿಲೋ ಕೊಂಡೇ ಹೋಗುತ್ತಾರೆ. ಮಾರುವಾಕೆಯೂ ‘ನಮಗೇ ಗಿಟ್ತಿಲ್ಲ ಕಣಮ್ಮ’ ಎಂದು ದನಿಗೂಡಿಸುತ್ತಾಳೆ.