ಬಾಲ್ಕನಿ ಸ್ಲ್ಯಾಬ್ ಉದುರಿದರೆ ರಿಪೇರಿ ಹೇಗಿರಬೇಕು?

ಉಪ್ಪಳ, ಕುಂಬಳೆ ಕಡೆ ಕಡಲಿಗೆ ಹತ್ತಿರದ ಮನೆಗಳಲ್ಲಿ ಬಾಲ್ಕನಿಯ ಅಡಿಯಿಂದ ಕಾಂಕ್ರೀಟ್ ಉದುರಿ ಕಂಬಿ ಕಾಣುವುದುಂಟು. ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟನ್ನು ದೂಡಿ ಹಾಕುತ್ತದೆ. ತುಕ್ಕಿನ ಮೇಲೆಯೇ ಸಿಮೆಂಟ್ ಮೆತ್ತಿದರೆ ಅದು ಮತ್ತೆ ಬೀಳುತ್ತದೆ.

ಮೊದಲು ಕೆಳಗಿನಿಂದ ಆಧಾರ ಕೊಡಿ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯ ಮುಖ್ಯ ಕಂಬಿ ಇರುವುದು ಮೇಲ್ಬದಿಯಲ್ಲಿ. ಮೇಲೆ ಗೋಡೆಯ ಬುಡದುದ್ದಕ್ಕೆ ಬಿರುಕಿದ್ದರೆ ಮೇಸ್ತ್ರಿ ಸಾಲದು, ಇಂಜಿನಿಯರೇ ನೋಡಬೇಕು.

ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದಷ್ಟನ್ನೂ ಒಡೆಸಿ. ಕಂಬಿಯ ಹಿಂದೆಯೂ ಸುಮಾರು 20 ಮಿ.ಮೀ. ಜಾಗ ಬಿಡಿಸಬೇಕು; ಕೆಲಸದವರು ಬಿಟ್ಟುಬಿಡುವುದು ಇದನ್ನೇ. ಅಂಚನ್ನು ಕಟ್ಟರಿನಿಂದ ನೇರ ಕೊಯ್ಯಿಸಿ. ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ಸಿಹಿನೀರಲ್ಲಿ ತೊಳೆದು, ಒಣಗಿದ ಕಂಬಿಗೆ ಝಿಂಕ್ ಪ್ರೈಮರ್ ಹಚ್ಚಿ. ಕಂಬಿ ತುಂಬಾ ಸವೆದಿದ್ದರೆ ಹೊಸತು ಜೋಡಿಸಬೇಕು.

ಪ್ರೈಮರ್ ಒಣಗಿದ ಮೇಲೆ ಹಳೆ ಕಾಂಕ್ರೀಟನ್ನು ನೆನೆಸಿ, ನೀರು ನಿಲ್ಲದ ಹಾಗೆ ಒರೆಸಿ. ಎಸ್‌ಬಿಆರ್ ಲೇಟೆಕ್ಸ್ ಮತ್ತು ಸಿಮೆಂಟಿನ ಬಾಂಡಿಂಗ್ ಕೋಟ್ ಹಚ್ಚಿದ ಮೇಲೆ ಬೆರಳಿಗೆ ಅಂಟುವಾಗಲೇ ಗಾರೆ ಹಾಕಬೇಕು. ಚಾ ಕುಡಿದು ಬರುವಷ್ಟರಲ್ಲಿ ಒಣಗಿತೆಂದರೆ ಅದು ಅಂಟಿಸುವ ಬದಲು ಬೇರ್ಪಡಿಸುವ ಪದರವಾಗುತ್ತದೆ. ಕೆರೆದು ಮತ್ತೆ ಹಚ್ಚಿಸಿ.

ಎರಡಡಿ ಉದ್ದ, ಒಂದೂವರೆ ಅಡಿ ಅಗಲ, 40 ಮಿ.ಮೀ. ಆಳದ ಗುಂಡಿಗೆ ಸುಮಾರು 11 ಲೀಟರ್ ಗಾರೆ, ಅಂದರೆ ರೆಡಿ ಪಾಲಿಮರ್ ಗಾರೆಯ 25 ಕೆ.ಜಿ. ಚೀಲ ಹೆಚ್ಚುಕಡಿಮೆ ಒಂದು ಸಾಕು. ತಲೆಯ ಮೇಲಿನ ಕೆಲಸವಾದ್ದರಿಂದ 10-15 ಮಿ.ಮೀ. ಪದರಗಳಲ್ಲಿ ಒತ್ತಿ ತುಂಬಬೇಕು. ಚೀಲದಲ್ಲಿ ಬರೆದದ್ದಕ್ಕಿಂತ ಹೆಚ್ಚು ನೀರು ಬೇಡ.

ಅಡಿಭಾಗದಲ್ಲಿ ಒದ್ದೆ ಗೋಣಿ ನಿಲ್ಲದು. ನೀರು ಚಿಮುಕಿಸಿ, ಪ್ಲಾಸ್ಟಿಕ್ ಹಾಳೆಯನ್ನು ಅಂಚಿಗೆ ಟೇಪ್ ಹಾಕಿ ಮುಚ್ಚಿ. ಎಷ್ಟು ದಿನವೆಂದು ಚೀಲದ ಮೇಲೆಯೇ ಇರುತ್ತದೆ. ಆಮೇಲೆ ಇನ್ನೊಮ್ಮೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕೂಲಿಯ ಕೊನೆ ಕಂತು ಕೊಡುವ ಮೊದಲೇ ಬಿಚ್ಚಿಸಿ.