ಇನ್ವರ್ಟರ್ ಎ.ಸಿ.ಯ ದೋಷಸಂಕೇತ: ತಂತ್ರಜ್ಞರು ಬೇಕಾಗುವುದು ಯಾವಾಗ?

ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಂತಹ ದಿನಗಳಲ್ಲಿ ಇನ್ವರ್ಟರ್ ಎ.ಸಿ. ಏಕಾಏಕಿ ನಿಂತು ಸಂಕೇತವೊಂದನ್ನು ತೋರಿದರೆ, ಅದು ಕೆಟ್ಟ ಭಾಗದ ಹೆಸರಲ್ಲ, ಯಂತ್ರ ಗಮನಿಸಿದ ಲಕ್ಷಣ ಮಾತ್ರ ಎಂಬುದನ್ನು ಮೊದಲು ತಿಳಿಯಬೇಕು. ಸಂಕೇತಗಳು ಕಂಪನಿಯಿಂದ ಕಂಪನಿಗೆ ಬೇರೆ. ಒಳ ಹಾಗೂ ಹೊರ ಘಟಕಗಳ ನಡುವೆ ಸಂಪರ್ಕ ತಪ್ಪಿದರೆ ಡೈಕಿನ್ U4 ಎನ್ನುತ್ತದೆ, ಎಲ್‌ಜಿ CH05 ಎನ್ನುತ್ತದೆ. ಆದ್ದರಿಂದ ನಮ್ಮ ಯಂತ್ರದ ಕೈಪಿಡಿಯೇ ನಮಗೆ ಆಧಾರ.

ಉದಾಹರಣೆಗೆ ಡೈಕಿನ್‌ನ U2 ಸಂಕೇತವನ್ನು ನೋಡೋಣ. ವಿದ್ಯುತ್ತಿನ ವೋಲ್ಟೇಜ್ ತೀರ ಇಳಿದಾಗ ಅಥವಾ ಏರಿದಾಗ ಇದು ಕಾಣುತ್ತದೆ. ಅಕ್ಕಲಕೋಟೆಯ ಒಂದು ಮನೆಯಲ್ಲಿ ಇದು ರಾತ್ರಿ ಎಂಟರ ಸುಮಾರಿಗೆ ಮಾತ್ರ ಬರುತ್ತದೆ ಎಂದುಕೊಳ್ಳೋಣ. ಸಂಕೇತ ಬಂದ ವೇಳೆಯನ್ನು ಮೂರು ದಿನ ಬರೆದಿಟ್ಟು, ಎ.ಸಿ. ಓಡುತ್ತಿರುವಾಗಲೇ ಸ್ಟೆಬಿಲೈಜರ್ ತೋರುವ ಒಳಬರುವ ವೋಲ್ಟೇಜನ್ನು ಗಮನಿಸಬೇಕು. ಭಾರವಿಲ್ಲದಾಗ ಸಡಿಲ ಜೋಡಣೆಯೂ ಸರಿಯಾದ ಅಂಕಿಯನ್ನೇ ತೋರುವುದರಿಂದ, ಯಂತ್ರ ನಿಂತ ಮೇಲೆ ನೋಡಿ ಫಲವಿಲ್ಲ.

ಎಂಟು ಗಂಟೆಗೆ 170, ಹನ್ನೊಂದಕ್ಕೆ 225 ವೋಲ್ಟ್ ಕಂಡರೆ ಎ.ಸಿ. ಕೆಟ್ಟಿಲ್ಲ. ನೆರೆಮನೆಗಳಲ್ಲಿಯೂ ದೀಪ ಮಂಕಾಗುತ್ತಿದ್ದರೆ ಮಹಾವಿತರಣದ 1912ಕ್ಕೆ ದೂರು ಕೊಡಬೇಕು. ನಮ್ಮ ಮನೆಯಲ್ಲಷ್ಟೇ ಇಳಿಯುತ್ತಿದ್ದರೆ, ಮೀಟರಿನಿಂದ ಎ.ಸಿ.ಯವರೆಗಿನ ತಂತಿ ಮತ್ತು ಎಂಸಿಬಿಯ ಜೋಡಣೆಗಳನ್ನು ವಿದ್ಯುತ್ ಕೆಲಸಗಾರರಿಂದ ಪರೀಕ್ಷಿಸಬೇಕು. ವೋಲ್ಟೇಜ್ ಸ್ಥಿರವಾಗಿದ್ದೂ U2 ಮರಳಿದರೆ ಮಾತ್ರ ಹೊರಘಟಕದ ಬೋರ್ಡಿನ ಮೇಲೆ ಸಂಶಯಪಡಬೇಕು, ಆಗ ಎ.ಸಿ. ತಂತ್ರಜ್ಞರೇ ಬೇಕು.

U4 ಬಂದರೆ ಎಂಸಿಬಿಯನ್ನು ಐದು ನಿಮಿಷ ಆರಿಸಿ ಮತ್ತೆ ಹಾಕಬಹುದು. ವಿದ್ಯುತ್ ಹೋಗಿಬಂದಾಗ ಉಂಟಾದ ಗೊಂದಲವಾಗಿದ್ದರೆ ಅಷ್ಟಕ್ಕೇ ಸರಿಹೋಗುತ್ತದೆ. ಮರಳಿ ಬಂದರೆ ಇಲಿ ಕಡಿದ ತಂತಿಯೋ ಬೋರ್ಡಿನ ದೋಷವೋ ಇರಬಹುದು. ಪದೇಪದೇ ಆರಿಸಿ ಹಾಕುವುದು ಪರಿಹಾರವಲ್ಲ.

ಗ್ಯಾಸಿನ ಕೊರತೆಯನ್ನು ಸೂಚಿಸುವ U0ಗೆ ಮನೆಮದ್ದಿಲ್ಲ. ಗ್ಯಾಸ್ ಬಳಕೆಯಿಂದ ಸವೆಯುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿಕೆಯನ್ನು ಹುಡುಕಿ ಮುಚ್ಚದೆ ಬರಿದೆ ತುಂಬಿಸಿದರೆ ಹಣ ಪೋಲು. ದುರಸ್ತಿಯ ಬಳಿಕ ಕೊಳವೆಗಳನ್ನು ನಿರ್ವಾತಗೊಳಿಸಿ, ಹೊರಘಟಕದ ಫಲಕದಲ್ಲಿ ನಮೂದಿಸಿದಷ್ಟೇ ಗ್ಯಾಸನ್ನು ತೂಗಿ ತುಂಬುವಂತೆ ನಾವು ಕೇಳಬೇಕು. ಈಗಿನ ಅನೇಕ ಯಂತ್ರಗಳ R32 ಅನಿಲಕ್ಕೆ ಬೆಂಕಿ ಹತ್ತಬಲ್ಲದು ಎಂಬುದೂ ನೆನಪಿರಲಿ.

ಜಾಲರಿಯ ಧೂಳು ತೊಳೆಯುವುದು, ಹೊರಘಟಕದ ಮುಂದಿನ ಅಡ್ಡಿ ತೆಗೆಯುವುದು ನಮ್ಮ ಕೆಲಸ. ಹೊರಘಟಕದ ಮುಚ್ಚಳ ಬಿಚ್ಚುವುದು ಮಾತ್ರ ನಮ್ಮದಲ್ಲ: ವಿದ್ಯುತ್ ಆರಿಸಿದ ಮೇಲೂ ಒಳಗಿನ ಕೆಪ್ಯಾಸಿಟರುಗಳಲ್ಲಿ ಸುಮಾರು 300 ವೋಲ್ಟ್ ಕೆಲಕಾಲ ಉಳಿದಿರುತ್ತದೆ. ತಂತ್ರಜ್ಞರನ್ನು ಕರೆಯುವಾಗ ಸಂಕೇತ, ಅದು ಬಂದ ವೇಳೆ, ಆಗಿನ ವೋಲ್ಟೇಜ್ ಮೂರನ್ನೂ ತಿಳಿಸಿದರೆ ಅನಗತ್ಯವಾಗಿ ಬೋರ್ಡು ಬದಲಿಸುವ ಖರ್ಚು ತಪ್ಪೀತು.