‘3 ವರ್ಷಕ್ಕೊಮ್ಮೆ ತಪಾಸಣೆಯೂ ಅಗ್ಗವೇ’ ಎಂಬ ಲೆಕ್ಕ ಎಲ್ಲಿ ತಪ್ಪುತ್ತದೆ?

ಗರ್ಭಕಂಠದ ಕ್ಯಾನ್ಸರ್ ಪತ್ತೆಗೆ 30ರಿಂದ 65 ವರ್ಷದ ಮಹಿಳೆಯರಿಗೆ 5 ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ ಮಾಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಬಿಳಿಯಾಗುವ ಭಾಗವಿದೆಯೇ ಎಂದು ಕಣ್ಣಲ್ಲೇ ನೋಡುವ ಪರೀಕ್ಷೆಯಿದು. ಹಾಗಾದರೆ 3 ವರ್ಷಕ್ಕೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದಲ್ಲವೇ?

ಯಲಹಂಕದ 1,000 ಮಹಿಳೆಯರ ಬಗ್ಗೆ ಒಬ್ಬ ವಿದ್ಯಾರ್ಥಿನಿ ಪ್ರಬಂಧ ಬರೆಯುತ್ತಿದ್ದಾಳೆ ಎಂದುಕೊಳ್ಳೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ನಾವೇ ಹಾಕಿಕೊಂಡವು. ‘ಲಾಭ’ ಎಂದರೆ ತಪಾಸಣೆಯಿಂದ ಹೆಚ್ಚುವರಿಯಾಗಿ ಸಿಕ್ಕ, ಪೂರ್ಣ ಆರೋಗ್ಯಕ್ಕೆ ಸಮನಾದ ವರ್ಷಗಳು.

| ಆಯ್ಕೆ | ಒಟ್ಟು ವೆಚ್ಚ (ರೂ.) | ಲಾಭ (ವರ್ಷ) |
|---|---|---|
| ತಪಾಸಣೆ ಇಲ್ಲ | 20 ಲಕ್ಷ | 0 |
| 10 ವರ್ಷಕ್ಕೊಮ್ಮೆ | 24 ಲಕ್ಷ | 10 |
| 5 ವರ್ಷಕ್ಕೊಮ್ಮೆ | 30 ಲಕ್ಷ | 16 |
| 3 ವರ್ಷಕ್ಕೊಮ್ಮೆ | 42 ಲಕ್ಷ | 18 |

ತಪಾಸಣೆಯೇ ಇಲ್ಲದಿದ್ದರೂ 20 ಲಕ್ಷ ಏಕೆ? ತಡವಾಗಿ ಪತ್ತೆಯಾದ ಕ್ಯಾನ್ಸರ್‌ನ ಚಿಕಿತ್ಸೆಗೆ.

ಈಗ ಆಕೆ ಕೊನೆಯ ಸಾಲನ್ನು ನೇರವಾಗಿ ಮೊದಲ ಸಾಲಿಗೆ ಹೋಲಿಸುತ್ತಾಳೆ. ಹೆಚ್ಚುವರಿ ಖರ್ಚು 22 ಲಕ್ಷ, ಲಾಭ 18 ವರ್ಷ; ವರ್ಷಕ್ಕೆ ಸುಮಾರು 1.22 ಲಕ್ಷ. ನಮ್ಮಲ್ಲಿ ಇಂಥ ಅಧ್ಯಯನಗಳು ಸಾಮಾನ್ಯವಾಗಿ ದೇಶದ ತಲಾ ಜಿಡಿಪಿಯನ್ನು ಗಡಿಯಾಗಿ ಇಟ್ಟುಕೊಳ್ಳುತ್ತವೆ. ಅದು ಈಗ 2 ಲಕ್ಷಕ್ಕಿಂತ ಮೇಲಿದೆ. ಆದ್ದರಿಂದ ‘ಅಗ್ಗ’ ಎಂಬ ತೀರ್ಪು.

ತಪ್ಪಾಗಿದ್ದು ಇಲ್ಲೇ. ಐಸಿಇಆರ್ ಎಂಬ ಅನುಪಾತವನ್ನು ಪ್ರತಿ ಆಯ್ಕೆಗೂ ಅದರ ಹಿಂದಿನ ಮೆಟ್ಟಿಲಿನ ಜೊತೆ ಹೋಲಿಸಿ ತೆಗೆಯಬೇಕು. ಹಾಗೆ ತೆಗೆದರೆ 10 ವರ್ಷದ್ದು 40,000, 5 ವರ್ಷದ್ದು 1 ಲಕ್ಷ. ಐದರಿಂದ ಮೂರಕ್ಕೆ ಬಂದರೆ ಮಾತ್ರ 12 ಲಕ್ಷ ಹೆಚ್ಚು ಕೊಟ್ಟು ಸಿಗುವುದು ಎರಡೇ ವರ್ಷ, ಅಂದರೆ ವರ್ಷಕ್ಕೆ 6 ಲಕ್ಷ. ಮೊದಲ ಸುತ್ತುಗಳ ಲಾಭದ ನೆರಳಲ್ಲಿ ಕೊನೆಯ ಸುತ್ತಿನ ದುಬಾರಿತನ ಅಡಗಿತ್ತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30–49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಆ 12 ಲಕ್ಷವನ್ನು ಒಮ್ಮೆಯೂ ತಪಾಸಣೆಗೆ ಬಾರದವರಿಗೆ ಬಳಸಬಹುದಲ್ಲ?

ಒಂದು ಆಯ್ಕೆಗೆ ಖರ್ಚು ಹೆಚ್ಚು, ಲಾಭ ಕಡಿಮೆ ಎಂದು ಬಂದರೆ ಋಣ ಚಿಹ್ನೆಯ ಐಸಿಇಆರ್ ಬರೆಯಬಾರದು. ಹಣ ಉಳಿಸಿ ಲಾಭವನ್ನೂ ಹೆಚ್ಚಿಸುವ ಆಯ್ಕೆಗೂ ಅದೇ ಚಿಹ್ನೆ ಬರುವುದರಿಂದ ಓದುಗರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದನ್ನು ‘ಕೈಬಿಟ್ಟ ಆಯ್ಕೆ’ ಎಂದು ಬರೆದು ಪಕ್ಕಕ್ಕಿಟ್ಟು, ಉಳಿದವುಗಳ ನಡುವೆ ಮತ್ತೆ ಲೆಕ್ಕ ಹಾಕಬೇಕು.

ಯಾರ ಜೇಬಿನ ಖರ್ಚು ಎಂಬುದನ್ನೂ ಕೋಷ್ಟಕದ ಕೆಳಗೆ ಬರೆಯಬೇಕು. ಪರೀಕ್ಷೆಯಲ್ಲಿ ಅನುಮಾನ ಬಂದು ಯಲಹಂಕದಿಂದ ಹೊಸೂರು ರಸ್ತೆಯ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾದರೆ ಇಡೀ ಊರು ದಾಟಬೇಕು, ದಿನದ ಕೂಲಿಯೂ ಹೋಗುತ್ತದೆ. ಅರ್ಧ ಜನ ಅಲ್ಲಿಗೆ ಹೋಗದೇ ಉಳಿದರೆ ಶಿಬಿರದ ಖರ್ಚು ಹಾಗೇ ಇರುತ್ತದೆ, ಲಾಭ ಮಾತ್ರ ಕುಸಿಯುತ್ತದೆ. 5 ವರ್ಷದ ಸಾಲಿನ 1 ಲಕ್ಷ ಆಗಲೂ ಗಡಿಯೊಳಗೆ ನಿಲ್ಲುತ್ತದೆಯೇ ಎಂದು ಲೆಕ್ಕ ಬದಲಿಸಿ ತೋರಿಸಬೇಕು.